ಲಾಟರಿ, ಗೇಮ್ ಶೋ, ಆನ್‌ಲೈನ್ ಆಟದ ಗೆಲುವು: ಟಿಡಿಎಸ್ ಕಟ್ ಆದ ಮೇಲೆ ರಿಟರ್ನ್‌ನಲ್ಲಿ ಏನು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ರಿಟರ್ನ್ ಹಾಕುವ ಹೊತ್ತಿಗೆ ಇದೇ ಪ್ರಶ್ನೆಗಳು ಬರುತ್ತವೆ. ಎದುರಿಗೆ ಸಿಕ್ಕವರು ಕೇಳುತ್ತಾರೆ, ಕೆಲವರು ಬರೆದು ಕಳಿಸುತ್ತಾರೆ. ಹೆಚ್ಚಿನವರ ಮನಸ್ಸಿನಲ್ಲಿರುವುದು ಒಂದೇ: "ಟಿಡಿಎಸ್ ಕಟ್ ಆಗಿದೆಯಲ್ಲ, ಅಲ್ಲಿಗೆ ಮುಗೀತು ಅಲ್ವಾ?" ಮುಗಿದಿರುವುದಿಲ್ಲ. ಯಾಕೆ ಅಂತ ಕೆಳಗಿದೆ. ಲೆಕ್ಕಗಳೆಲ್ಲ 2025-26ರ ಹಣಕಾಸು ವರ್ಷದ್ದು, ಅಂದರೆ 2026-27ರ ಅಸೆಸ್‌ಮೆಂಟ್ ವರ್ಷದ ರಿಟರ್ನ್‌ಗೆ. ಈ ವರ್ಷಕ್ಕೆ ಇನ್ನೂ 1961ರ ಆದಾಯ ತೆರಿಗೆ ಕಾಯಿದೆಯೇ ಅನ್ವಯ. 2026ರ ಏಪ್ರಿಲ್ 1ರಿಂದ ಗಳಿಸಿದ್ದಕ್ಕೆ ಹೊಸ ಕಾಯಿದೆ ಬರುವುದರಿಂದ ಸೆಕ್ಷನ್ ನಂಬರ್‌ಗಳು ಬದಲಾಗುತ್ತವೆ.

## ಮೊದಲ ಪ್ರಶ್ನೆಗಳು

ಗೆದ್ದ ದುಡ್ಡಿಗೆ ಎಷ್ಟು ತೆರಿಗೆ? ನನ್ನ ಸಂಬಳ ಕಡಿಮೆ ಇದ್ದರೆ ಕಡಿಮೆ ಆಗುತ್ತಾ?

ಇಲ್ಲ. ಗೆದ್ದ ದುಡ್ಡಿಗೆ ಸ್ಲ್ಯಾಬ್ ಅನ್ನುವುದೇ ಇಲ್ಲ. ನೇರವಾಗಿ 30%, ಅದರ ಮೇಲೆ 4% ಸೆಸ್, ಒಟ್ಟು 31.2%. ಲಾಟರಿ, ಲಕ್ಕಿ ಡ್ರಾ, ಟಿವಿ ಗೇಮ್ ಶೋ, ಇಸ್ಪೀಟು, ಕುದುರೆ ರೇಸು ಎಲ್ಲ ಸೆಕ್ಷನ್ 115ಬಿಬಿ ಅಡಿಯಲ್ಲಿ ಬರುತ್ತವೆ. ಆನ್‌ಲೈನ್ ಆಟಕ್ಕೆ 2023-24ರಿಂದ 115ಬಿಬಿಜೆ ಅಂತ ಬೇರೆ ಸೆಕ್ಷನ್ ಇದೆ. ದರ ಎರಡಕ್ಕೂ ಅದೇ. ಹಳೆ ಪದ್ಧತಿ ಆರಿಸಿಕೊಂಡರೂ ಹೊಸದನ್ನು ಆರಿಸಿಕೊಂಡರೂ ಈ 30% ಬದಲಾಗುವುದಿಲ್ಲ.

ಜನಕ್ಕೆ ನಂಬಲು ಕಷ್ಟವಾಗುವ ವಿಷಯ ಇನ್ನೊಂದಿದೆ. ಬೇರೆ ಯಾವ ಆದಾಯವೂ ಇಲ್ಲದ ಗೃಹಿಣಿಯೊಬ್ಬರು ಲಕ್ಕಿ ಡ್ರಾದಲ್ಲಿ 1 ಲಕ್ಷ ಗೆದ್ದರು ಅಂದುಕೊಳ್ಳಿ. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ ಅನ್ನುವುದು ನಿಜ, ಆದರೆ ಆ ವಿನಾಯಿತಿ ಈ 1 ಲಕ್ಷಕ್ಕೆ ಸಿಗುವುದಿಲ್ಲ. 12 ಲಕ್ಷದವರೆಗೆ ತೆರಿಗೆ ಇಲ್ಲದಂತೆ ಮಾಡುವ 87ಎ ರಿಬೇಟ್ ಕೂಡ ಹೊಸ ಪದ್ಧತಿಯಲ್ಲಿ ಈ ತೆರಿಗೆಗೆ ಇಲ್ಲ. ಎಲ್‌ಐಸಿ, ಪಿಪಿಎಫ್ ತೋರಿಸಿ 80ಸಿ ಕಳೆಯೋಣ ಅಂದರೆ ಅದಕ್ಕೂ ದಾರಿ ಇಲ್ಲ. ಹಾಗಾಗಿ ಹೊಸ ಪದ್ಧತಿಯಲ್ಲಿ ಕಟ್ ಆದ 30,000 ವಾಪಸ್ ಬರುತ್ತದೆ ಅಂತ ಕಾಯಬೇಡಿ. ರಿಟರ್ನ್ ಹಾಕಿದರೆ ಆ 30,000 ಪೂರ್ತಿ ವಾಪಸ್ ಕೊಡಿಸುತ್ತೇನೆ ಅಂತ ಯಾರಾದರೂ ಫೀಸು ಕೇಳಿದರೆ ಕೊಡಬೇಡಿ.

ಎಷ್ಟು ಗೆದ್ದರೆ ಟಿಡಿಎಸ್ ಕಟ್ ಮಾಡುತ್ತಾರೆ?

ಲಾಟರಿ, ಗೇಮ್ ಶೋ, ಲಕ್ಕಿ ಡ್ರಾಗಳಲ್ಲಿ ಒಂದೇ ಬಹುಮಾನ 10,000 ರೂಪಾಯಿ ದಾಟಿದರೆ ಸೆಕ್ಷನ್ 194ಬಿ ಪ್ರಕಾರ 30% ಕಟ್ ಆಗುತ್ತದೆ. 2025ರ ಏಪ್ರಿಲ್‌ನಿಂದ ಈ ಮಿತಿಯನ್ನು ಪ್ರತಿ ಗೆಲುವಿಗೆ ಬೇರೆ ಬೇರೆಯಾಗಿ ನೋಡುತ್ತಾರೆ. ಅಂದರೆ ಮೂರು ಸಲ 8,000 ಗೆದ್ದರೆ ಟಿಡಿಎಸ್ ಇಲ್ಲ.

ಆನ್‌ಲೈನ್ ಆಟಕ್ಕೆ ಸೆಕ್ಷನ್ 194ಬಿಎ. ಅಲ್ಲಿ 10,000ದ ಮಿತಿ ಇಲ್ಲ. ದುಡ್ಡು ತೆಗೆಯುವಾಗ ಅದರಲ್ಲಿ ನಿವ್ವಳ ಗೆಲುವು ಎಷ್ಟಿದೆಯೋ ಅಷ್ಟಕ್ಕೆ ಕಟ್ ಆಗುತ್ತದೆ. ತಿಂಗಳಿಗೆ 100 ರೂಪಾಯಿ ಒಳಗಿನ ಚಿಲ್ಲರೆ ಗೆಲುವನ್ನು ಆ ಹೊತ್ತಿಗೆ ಬಿಡಬಹುದು ಅಂತ ಇಲಾಖೆ 2023ರ ಮೇ ತಿಂಗಳ ಸುತ್ತೋಲೆಯಲ್ಲಿ ಹೇಳಿದೆ.

ಟಿಡಿಎಸ್ ಕಟ್ ಆಗಲಿಲ್ಲ ಅಂದಮಾತ್ರಕ್ಕೆ ತೆರಿಗೆ ಇಲ್ಲ ಅಂತಲ್ಲ. ಮೇಲಿನ ಮೂರು 8,000 ಸೇರಿ 24,000 ಆಯಿತಲ್ಲ, ಅದನ್ನು ರಿಟರ್ನ್‌ನಲ್ಲಿ ನೀವೇ ತೋರಿಸಿ 31.2% ಕಟ್ಟಬೇಕು.

ನಾನು ಗೆದ್ದಿದ್ದು ನನ್ನ ಬುದ್ಧಿಯಿಂದ. ಕ್ವಿಜ್ ಆಡಿ ಗೆದ್ದೆ, ರಮ್ಮಿಯಲ್ಲಿ ಲೆಕ್ಕ ಹಾಕಿ ಗೆದ್ದೆ. ಅದು ಲಾಟರಿ ಹೇಗಾಗುತ್ತೆ?

ಆಟದಲ್ಲಿ ಜಾಣ್ಮೆ ಎಷ್ಟು, ಅದೃಷ್ಟ ಎಷ್ಟು ಅನ್ನುವ ವಾದಕ್ಕೆ ಬೇರೆ ಕಾನೂನುಗಳಲ್ಲಿ ಬೆಲೆ ಇದೆ. ಆದಾಯ ತೆರಿಗೆಯಲ್ಲಿ ಇಲ್ಲ. ಬಹುಮಾನಕ್ಕಾಗಿ ಜನ ಪೈಪೋಟಿ ಮಾಡುವ ಟಿವಿ ಕಾರ್ಯಕ್ರಮಗಳೂ ಇದರಲ್ಲಿ ಸೇರುತ್ತವೆ ಅಂತ ಕಾಯಿದೆಯೇ ಬಿಡಿಸಿ ಹೇಳಿದೆ. ಆನ್‌ಲೈನ್ ಆಟ ಅಂದರೆ ಇಂಟರ್‌ನೆಟ್‌ನಲ್ಲಿ ಮೊಬೈಲ್ ಅಥವಾ ಕಂಪ್ಯೂಟರ್ ಮೂಲಕ ಆಡುವ ಯಾವ ಆಟವಾದರೂ ಆಯಿತು. ಫ್ಯಾಂಟಸಿ ಕ್ರಿಕೆಟ್, ರಮ್ಮಿ, ಪೋಕರ್, ಲೂಡೋ, ಎಲ್ಲಕ್ಕೂ ಒಂದೇ ನಿಯಮ.

ಕರ್ನಾಟಕದಲ್ಲಿ ಲಾಟರಿಯೇ ಇಲ್ಲವಲ್ಲ, ಕೇರಳದಲ್ಲಿ ಗೆದ್ದರೆ ತೆರಿಗೆ ಎಲ್ಲಿ ಕಟ್ಟಬೇಕು?

ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟ ನಿಷೇಧವಾಗಿದೆ, ನಿಜ. ಆದರೆ ಗಡಿಯಾಚೆ ಹೋದಾಗ ಟಿಕೆಟ್ ಕೊಳ್ಳುವವರು ಬಹಳ ಜನ. 2024ರ ತಿರುವೋಣಂ ಬಂಪರ್‌ನ 25 ಕೋಟಿ ಬಂದದ್ದು ಮಂಡ್ಯ ಜಿಲ್ಲೆಯವರೊಬ್ಬರಿಗೆ. ಆದಾಯ ತೆರಿಗೆ ಕೇಂದ್ರದ್ದು, ಹಾಗಾಗಿ ಯಾವ ರಾಜ್ಯದಲ್ಲಿ ಗೆದ್ದರೂ ಲೆಕ್ಕ ಒಂದೇ. ಟಿಡಿಎಸ್ ಕಟ್ ಮಾಡುವುದು ಕೇರಳದ ಲಾಟರಿ ಇಲಾಖೆ. ಅದು ನಿಮ್ಮ ಪ್ಯಾನ್ ನಂಬರ್ ಮೇಲೆ ಜಮೆಯಾಗುತ್ತದೆ. ರಿಟರ್ನ್ ನಿಮ್ಮ ಮನೆಯಿಂದಲೇ ಹಾಕುತ್ತೀರಿ.

ಬಹುಮಾನ ಕೇಳುವಾಗ ಪ್ಯಾನ್ ಸರಿಯಾಗಿ ಕೊಡುವುದು ಬಹಳ ಮುಖ್ಯ. ಕೊಡದಿದ್ದರೂ ಅದೇ 30% ಕಟ್ ಆಗುವುದರಿಂದ ಆಗ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಕಟ್ ಆದ ದುಡ್ಡು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ, ರಿಟರ್ನ್ ಹಾಕುವಾಗ ಪರದಾಡಬೇಕಾಗುತ್ತದೆ.

"ನೀವು ಗೆದ್ದಿದ್ದೀರಿ, ಮೊದಲು 30% ಟಿಡಿಎಸ್ ಕಳಿಸಿ" ಅಂತ ಮೆಸೇಜ್ ಬಂದಿದೆ. ಕಟ್ಟಬೇಕಾ?

ಒಂದು ಪೈಸೆಯೂ ಕಳಿಸಬೇಡಿ, ಇದು ಮೋಸ. ನಗದು ಬಹುಮಾನದಲ್ಲಿ ಟಿಡಿಎಸ್ ಅಂದರೆ ಕೊಡುವವರು ಮುರಿದುಕೊಂಡು ಉಳಿದದ್ದನ್ನು ಕೊಡುವುದು. ಗೆದ್ದವರು ಮುಂಗಡ ಕೊಡುವ ಪ್ರಶ್ನೆಯೇ ಬರುವುದಿಲ್ಲ.

ಕಾರು, ಬೈಕು, ಚಿನ್ನ ಬಹುಮಾನವಾಗಿ ಬಂದರೆ ಮಾತ್ರ ಬೇರೆ. ವಸ್ತುವಿನಲ್ಲಿ ಮುರಿದುಕೊಳ್ಳಲು ಆಗುವುದಿಲ್ಲವಲ್ಲ. ಹಾಗಾಗಿ ತೆರಿಗೆ ಕಟ್ಟಿರುವುದು ಖಾತ್ರಿಯಾದ ಮೇಲೆಯೇ ವಸ್ತು ಕೊಡಬೇಕು ಅಂತ ಕಾನೂನಿದೆ. 8 ಲಕ್ಷದ ಕಾರಿಗೆ 2,40,000 ರೂಪಾಯಿ. ಅದನ್ನೂ ಯಾರದೋ ಯುಪಿಐ ನಂಬರ್‌ಗೆ ಹಾಕುವುದಲ್ಲ. ಒಂದೋ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮದೇ ಪ್ಯಾನ್ ಮೇಲೆ ಮುಂಗಡ ತೆರಿಗೆಯಾಗಿ ಕಟ್ಟಿ ಚಲನ್ ತೋರಿಸಿ, ಇಲ್ಲವೇ ಕಂಪನಿಗೆ ಚೆಕ್ ಕೊಟ್ಟು ಅವರಿಂದ ಟಿಡಿಎಸ್ ಸರ್ಟಿಫಿಕೇಟ್ ಆದ ಫಾರ್ಮ್ 16ಎ ತೆಗೆದುಕೊಳ್ಳಿ. ಎರಡರಲ್ಲೂ ದುಡ್ಡು ಸರ್ಕಾರಕ್ಕೆ ಹೋಗಿರುವುದು ನಿಮ್ಮ ಪ್ಯಾನ್ ಮೇಲಿನ ತೆರಿಗೆ ದಾಖಲೆಗಳಾದ AIS ಅಥವಾ 26ಎಎಸ್‌ನಲ್ಲಿ ಕಾಣಿಸುತ್ತದೆ.

## ಆನ್‌ಲೈನ್ ಆಟದ ಲೆಕ್ಕ

ಆಪ್‌ನಲ್ಲಿ ನಾನು ಹಾಕಿದ ದುಡ್ಡೂ ಇದೆ, ಗೆದ್ದದ್ದೂ ಇದೆ. ನಿವ್ವಳ ಗೆಲುವು ಹೇಗೆ ಲೆಕ್ಕ ಹಾಕುತ್ತಾರೆ?

ಇದಕ್ಕೆ ಆದಾಯ ತೆರಿಗೆ ನಿಯಮ 133 ಇದೆ. ನೋಡಲು ಭಯವಾದರೂ ಒಳಗೆ ಇರುವುದು ಸರಳ ಲೆಕ್ಕ. ವರ್ಷದಲ್ಲಿ ಇಲ್ಲಿಯವರೆಗೆ ಒಟ್ಟು ತೆಗೆದದ್ದನ್ನು ಬರೆಯಿರಿ. ಅದರಿಂದ ಮೂರನ್ನು ಕಳೆಯಿರಿ: ಏಪ್ರಿಲ್ 1ಕ್ಕೆ ವ್ಯಾಲೆಟ್‌ನಲ್ಲಿ ಇದ್ದ ಬ್ಯಾಲೆನ್ಸ್, ವರ್ಷದಲ್ಲಿ ನಿಮ್ಮ ಕೈಯಿಂದ ಹಾಕಿದ ದುಡ್ಡು, ಮತ್ತು ಈಗಾಗಲೇ ಟಿಡಿಎಸ್ ಕಟ್ ಆಗಿರುವ ಗೆಲುವು. ಉಳಿದದ್ದೇ ಈ ಸಲದ ನಿವ್ವಳ ಗೆಲುವು.

ಒಂದು ಉದಾಹರಣೆ ಪೂರ್ತಿ ನೋಡೋಣ. ಒಬ್ಬರ ವ್ಯಾಲೆಟ್‌ನಲ್ಲಿ 2025ರ ಏಪ್ರಿಲ್ 1ಕ್ಕೆ 5,000 ಇತ್ತು. ಆಮೇಲೆ 20,000 ಹಾಕಿ ಆಡಿದರು. ಮೇ ತಿಂಗಳಲ್ಲಿ 30,000 ತೆಗೆದರು. 30,000ದಿಂದ 20,000 ಮತ್ತು 5,000 ಕಳೆದರೆ ಗೆಲುವು 5,000. ಟಿಡಿಎಸ್ 1,500. ಬ್ಯಾಂಕಿಗೆ ಬಂದದ್ದು 28,500.

ಜೂನ್‌ನಲ್ಲಿ ಮತ್ತೆ 10,000 ಹಾಕಿದರು, ಚೆನ್ನಾಗಿ ಗೆದ್ದರು. ಆಗಸ್ಟ್‌ನಲ್ಲಿ ಆಪ್ ಹಣದ ಆಟ ನಿಲ್ಲಿಸಿದಾಗ ಇದ್ದ 60,000 ಪೂರ್ತಿ ತೆಗೆದರು. ಈಗ ಲೆಕ್ಕ ಮೊದಲಿಂದ ಶುರು. ವರ್ಷದಲ್ಲಿ ಒಟ್ಟು ತೆಗೆದದ್ದು 90,000. ಕಳೆಯಬೇಕಾದ್ದು ಹಾಕಿದ 30,000, ಆರಂಭದ 5,000, ಮೇ ತಿಂಗಳಲ್ಲಿ ತೆರಿಗೆ ಕಟ್ ಆದ 5,000. ಉಳಿದದ್ದು 50,000. ಟಿಡಿಎಸ್ 15,000, ಕೈಗೆ 45,000.

ಒಟ್ಟಾರೆ ನಿವ್ವಳ ಗೆಲುವು 55,000, ಟಿಡಿಎಸ್ 16,500. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಕಾಣುವುದು 73,500, ಆಪ್‌ನಲ್ಲಿ ಕಾಣುವುದು 90,000. ರಿಟರ್ನ್‌ಗೆ ಇವೆರಡೂ ಬೇಡ. ಹಾಕಬೇಕಾದ್ದು 55,000. ಬ್ಯಾಂಕಿಗೆ ಬಂದದ್ದನ್ನೇ ಆದಾಯ ಅಂತ ತೋರಿಸಿ ಸುಮ್ನೆ ಜಾಸ್ತಿ ತೆರಿಗೆ ಕಟ್ಟಿದವರಿದ್ದಾರೆ. ಹಾಗೆ ಮಾಡಬೇಡಿ.

ದುಡ್ಡು ತೆಗೆದೇ ಇಲ್ಲ, ಆದರೂ ಮಾರ್ಚ್ 31ಕ್ಕೆ ಟಿಡಿಎಸ್ ಕಟ್ ಆಗಿದೆ. ತಪ್ಪಾಗಿದೆಯಾ?

ತಪ್ಪಲ್ಲ. ವರ್ಷದ ಕೊನೆಯಲ್ಲಿ ವ್ಯಾಲೆಟ್‌ನಲ್ಲಿ ಉಳಿದ ಬ್ಯಾಲೆನ್ಸನ್ನೂ ತೆಗೆದ ದುಡ್ಡಿನ ಹಾಗೆ ಲೆಕ್ಕಕ್ಕೆ ಸೇರಿಸಿ, ಅದರಲ್ಲಿರುವ ಗೆಲುವಿಗೆ ತೆರಿಗೆ ಮುರಿಯಬೇಕು ಅಂತಲೇ ನಿಯಮ. ಹಾಗಾಗಿ ಕೈಗೆ ಒಂದು ರೂಪಾಯಿ ಬರದಿದ್ದರೂ ಆ ಗೆಲುವು ಅದೇ ವರ್ಷದ ಆದಾಯ. ಅದೇ ವರ್ಷದ ರಿಟರ್ನ್‌ನಲ್ಲಿ ತೋರಿಸಬೇಕು.

ಇದರಿಂದ ಮುಂದಿನ ವರ್ಷ ಅನುಕೂಲವಿದೆ. ಏಪ್ರಿಲ್ 1ರ ಬ್ಯಾಲೆನ್ಸನ್ನು ಕಳೆಯಲು ಬಿಡುವುದು ಇದೇ ಕಾರಣಕ್ಕೆ: ಅದಕ್ಕೆ ಹಿಂದಿನ ವರ್ಷವೇ ತೆರಿಗೆ ಆಗಿದೆ. ಎರಡು ಸಲ ತೆರಿಗೆ ಬೀಳುವುದಿಲ್ಲ.

ಒಂದು ಆಪ್‌ನಲ್ಲಿ 40,000 ಗೆದ್ದೆ, ಇನ್ನೊಂದರಲ್ಲಿ 50,000 ಕಳೆದುಕೊಂಡೆ. ನಷ್ಟವೇ ಆಗಿದೆಯಲ್ಲ, ತೆರಿಗೆ ಯಾಕೆ?

ಕೇಳಲು ಅನ್ಯಾಯ ಅನ್ನಿಸುತ್ತದೆ, ಆದರೆ ನಿಯಮ ಹಾಗಿದೆ. ಒಂದೇ ಆಪ್‌ನ ಒಳಗೆ ವರ್ಷದಲ್ಲಿ ಗೆದ್ದದ್ದು, ಸೋತದ್ದು ತಾನಾಗಿಯೇ ಹೊಂದಾಣಿಕೆ ಆಗುತ್ತದೆ. ಯಾಕೆಂದರೆ ಲೆಕ್ಕ ಹಾಕುವುದು ಹಾಕಿದ್ದು ಮತ್ತು ತೆಗೆದದ್ದರ ಮೇಲೆ, ಒಂದೊಂದು ಆಟದ ಮೇಲಲ್ಲ. ಬೇರೆ ಕಂಪನಿಯ ಆಪ್‌ನಲ್ಲಿ ಆದ ನಷ್ಟವನ್ನು ಇಲ್ಲಿಗೆ ತರುವ ಹಾಗಿಲ್ಲ. ಆ 40,000ಕ್ಕೆ 12,480 ತೆರಿಗೆ ಆಗಿಯೇ ಆಗುತ್ತದೆ. 50,000ದ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವುದಕ್ಕೂ ಆಗುವುದಿಲ್ಲ, ಸಂಬಳದಿಂದ ಕಳೆಯುವುದಕ್ಕೂ ಆಗುವುದಿಲ್ಲ.

ಲಾಟರಿಯಲ್ಲಿ ಇಷ್ಟು ಹೊಂದಾಣಿಕೆಯೂ ಇಲ್ಲ. ವರ್ಷವಿಡೀ ಟಿಕೆಟ್‌ಗೆ ಸುರಿದ ದುಡ್ಡು, ಗೇಮ್ ಶೋಗೆ ಹೋಗಿಬಂದ ಖರ್ಚು, ಯಾವುದನ್ನೂ ಬಹುಮಾನದಿಂದ ಕಳೆಯುವಂತಿಲ್ಲ.

ಆಪ್ ಕೊಟ್ಟ ಬೋನಸ್, ಗೆಳೆಯರನ್ನು ಸೇರಿಸಿದ್ದಕ್ಕೆ ಕೊಟ್ಟ ದುಡ್ಡು ನಾನು ಹಾಕಿದ್ದು ಅಂತ ಲೆಕ್ಕವಾ?

ಅಲ್ಲ. ಕಳೆಯಲು ಬಿಡುವುದು ನಿಮ್ಮ ಜೇಬಿನಿಂದ ಹೋದ ದುಡ್ಡನ್ನು ಮಾತ್ರ. ರೆಫರಲ್ ಬೋನಸ್ 500 ಬಂದು, ಅದನ್ನು ಆಡದೆ ಹಾಗೇ ತೆಗೆದರೂ ಅದು ಗೆಲುವಿನ ಲೆಕ್ಕಕ್ಕೇ ಸೇರುತ್ತದೆ. ಆಡಲು ಮಾತ್ರ ಬಳಸಬಹುದಾದ, ತೆಗೆಯಲು ಬಾರದ ಬೋನಸ್‌ಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ತೆಗೆಯಬಹುದಾದ ದುಡ್ಡಾಗಿ ಬದಲಾದ ದಿನ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಲೆಕ್ಕಕ್ಕೂ ಆಪ್‌ನ ಲೆಕ್ಕಕ್ಕೂ ಸ್ವಲ್ಪ ವ್ಯತ್ಯಾಸ ಬಂದರೆ ಮೊದಲು ಇದನ್ನೇ ನೋಡಿ.

ಹಣದ ಆಟಗಳೇ ಬ್ಯಾನ್ ಆಗಿವೆಯಲ್ಲ, ಇನ್ನೂ ತೋರಿಸಬೇಕಾ?

ತೋರಿಸಬೇಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ತಂದಿತು, ದೊಡ್ಡ ಆಪ್‌ಗಳು ಆಗಲೇ ಆಟ ನಿಲ್ಲಿಸಿದವು. ಆದರೆ ಏಪ್ರಿಲ್‌ನಿಂದ ಅಲ್ಲಿಯವರೆಗಿನ ಗೆಲುವು, ನಿಲ್ಲಿಸಿದ ಮೇಲೆ ವಾಪಸ್ ತೆಗೆದ ದುಡ್ಡಿನಲ್ಲಿರುವ ಗೆಲುವು 2025-26ರ ಆದಾಯವೇ. ನಿಷೇಧಕ್ಕೂ ತೆರಿಗೆಗೂ ಸಂಬಂಧವಿಲ್ಲ. ವಿದೇಶಿ ಸೈಟ್‌ಗಳಲ್ಲಿ ಟಿಡಿಎಸ್ ಇಲ್ಲದೆ ಗೆದ್ದಿದ್ದರೂ ತೆರಿಗೆ ಅದೇ.

ಒಂದು ಕೆಲಸ ಈಗಲೇ ಮಾಡಿಕೊಳ್ಳಿ. ಆಪ್ ಇನ್ನೂ ತೆರೆಯುತ್ತಿದ್ದರೆ ವರ್ಷದ ಸ್ಟೇಟ್‌ಮೆಂಟ್ ಮತ್ತು ಟಿಡಿಎಸ್ ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಆಪ್ ಮುಚ್ಚಿಹೋದರೆ ನೀವು ಎಷ್ಟು ಹಾಕಿದ್ದಿರಿ ಅನ್ನುವುದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ ಆಧಾರ ಉಳಿಯುತ್ತದೆ.

## ರಿಟರ್ನ್‌ನಲ್ಲಿ ತೋರಿಸುವುದು

ನಾನು ಪ್ರತಿ ವರ್ಷ ITR-1 ಹಾಕುವವನು. ಅದರಲ್ಲೇ "ಇತರೆ ಆದಾಯ" ಅಂತ ಹಾಕಿದರೆ ಸಾಲದಾ?

ಸಾಲದು. ಲಾಟರಿ ಥರದ ಗೆಲುವು ಒಂದು ರೂಪಾಯಿ ಇದ್ದರೂ ITR-1 ಹಾಕುವ ಹಾಗಿಲ್ಲ, ITR-4 ಕೂಡ ಆಗುವುದಿಲ್ಲ. ಸಂಬಳ, ಪಿಂಚಣಿ, ಬಾಡಿಗೆ ಇರುವವರಿಗೆ ITR-2. ಅಂಗಡಿ, ವ್ಯಾಪಾರ, ವೃತ್ತಿ ಇದ್ದರೆ ITR-3.

ITR-1ರಲ್ಲಿ ಹಾಕಿದರೆ ಏನಾಗುತ್ತದೆ ಅಂದರೆ, ಗೆಲುವು ನಿಮ್ಮ ಸ್ಲ್ಯಾಬ್‌ಗೆ ಸೇರಿ ತೆರಿಗೆ ಕಡಿಮೆ ಬರುತ್ತದೆ, ಸಾಫ್ಟ್‌ವೇರ್ ರೀಫಂಡ್ ತೋರಿಸುತ್ತದೆ. ಅದನ್ನು ನೋಡಿ ಖುಷಿಪಡಬೇಡಿ. ಟಿಡಿಎಸ್ 194ಬಿ ಅಥವಾ 194ಬಿಎ ಅಡಿಯಲ್ಲಿ ಆಗಿದೆ ಅಂತ ಇಲಾಖೆಯ ಹತ್ತಿರ ದಾಖಲೆ ಇದೆ. ಲೆಕ್ಕ ತಾಳೆ ಆಗದೆ ನೋಟಿಸ್ ಬರುತ್ತದೆ.

ITR-2ರಲ್ಲಿ ಎಲ್ಲೆಲ್ಲಿ ಏನು ತುಂಬಬೇಕು? ಹಂತ ಹಂತವಾಗಿ ಹೇಳಿ.

ಮೊದಲು ಪೋರ್ಟಲ್‌ನಲ್ಲಿ Form 26AS ಮತ್ತು AIS ಎರಡನ್ನೂ ಇಳಿಸಿಕೊಳ್ಳಿ. 26AS‌ನಲ್ಲಿ ಕಟ್ ಮಾಡಿದವರ ಹೆಸರು, ಟಿಡಿಎಸ್ ಕಟ್ ಮಾಡಲು ಅವರಿಗೆ ಇಲಾಖೆ ಕೊಟ್ಟ ನಂಬರ್ ಆದ TAN, ಸೆಕ್ಷನ್, ಮೊತ್ತ, ಟಿಡಿಎಸ್ ಇರುತ್ತದೆ. ಪಕ್ಕದಲ್ಲಿ ಸ್ಟೇಟಸ್ ಕಾಲಂ ನೋಡಿ. F ಇದ್ದರೆ ದುಡ್ಡು ಸರ್ಕಾರಕ್ಕೆ ತಲುಪಿ ಲೆಕ್ಕ ತಾಳೆಯಾಗಿದೆ ಅಂತ. U ಇದ್ದರೆ ಇನ್ನೂ ಆಗಿಲ್ಲ, ಕಟ್ ಮಾಡಿದವರನ್ನು ಕೇಳಿ.

ಆಮೇಲೆ Schedule OS ತೆರೆಯಿರಿ. ಅಲ್ಲಿ ವಿಶೇಷ ದರದ ಆದಾಯಕ್ಕೆ ಬೇರೆ ಸಾಲುಗಳಿವೆ. ಲಾಟರಿ, ಗೇಮ್ ಶೋ ಆದರೆ 115BB ಸಾಲಿನಲ್ಲಿ, ಆನ್‌ಲೈನ್ ಆಟ ಆದರೆ 115BBJ ಸಾಲಿನಲ್ಲಿ. ಟಿಡಿಎಸ್ ಮುರಿಯುವ ಮುಂಚಿನ ಮೊತ್ತ ಹಾಕಬೇಕು. ಮೇಲಿನ ಆಪ್ ಉದಾಹರಣೆಯಲ್ಲಿ 55,000. ಕೈಗೆ ಬಂದದ್ದು ಹಾಕುವ ತಪ್ಪು ಲಾಟರಿ ಗೆದ್ದವರಲ್ಲೇ ಜಾಸ್ತಿ.

ಅದೇ ಶೆಡ್ಯೂಲ್‌ನ ಕೊನೆಗೆ ಬನ್ನಿ. ಗೆಲುವು ಯಾವ ಅವಧಿಯಲ್ಲಿ ಬಂತು ಅಂತ ಕೇಳುವ ಒಂದು ಪಟ್ಟಿ ಇದೆ: ಜೂನ್ 15ರವರೆಗೆ, ಸೆಪ್ಟೆಂಬರ್ 15ರವರೆಗೆ, ಡಿಸೆಂಬರ್ 15ರವರೆಗೆ, ಮಾರ್ಚ್ 15ರವರೆಗೆ, ಮಾರ್ಚ್ 31ರವರೆಗೆ. ನಮ್ಮ ಉದಾಹರಣೆಯಲ್ಲಿ ಮೊದಲ ಖಾನೆಗೆ 5,000, ಎರಡನೆಯದಕ್ಕೆ 50,000. ಇದನ್ನು ಬಹಳ ಜನ ಎಲ್ಲವನ್ನೂ ಮೊದಲ ಖಾನೆಗೆ ತುಂಬಿ ಮುಗಿಸುತ್ತಾರೆ. ಆಗ ನೀವು ಜೂನ್‌ಗೆ ಮುಂಚೆಯೇ ಗೆದ್ದಿರಿ, ಮುಂಗಡ ತೆರಿಗೆ ಕಟ್ಟಲಿಲ್ಲ ಅಂತ ಸಿಸ್ಟಂ ತಿಳಿದು 234ಸಿ ಬಡ್ಡಿ ಹಾಕಬಹುದು.

Schedule SI‌ನಲ್ಲಿ 30% ತೆರಿಗೆ ತಾನಾಗಿಯೇ ಬಂದಿದೆಯಾ ನೋಡಿ. ಅಲ್ಲಿ ಸೊನ್ನೆ ಇದ್ದರೆ ನೀವು ಗೆಲುವನ್ನು ತಪ್ಪು ಸಾಲಿನಲ್ಲಿ ಹಾಕಿದ್ದೀರಿ ಅಂತ ಅರ್ಥ. ಕೊನೆಗೆ Schedule TDS‌ನಲ್ಲಿ, ಸಂಬಳ ಬಿಟ್ಟು ಬೇರೆ ಆದಾಯದ ಭಾಗದಲ್ಲಿ, ಆ TAN ಎದುರು ಟಿಡಿಎಸ್ ಕ್ಲೇಮ್ ಮಾಡಿ. ಆದಾಯದ ತಲೆಬರಹ Income from Other Sources. ಟಿಡಿಎಸ್ ಕ್ಲೇಮ್ ಮಾಡಿ ಆದಾಯ ತೋರಿಸದೆ ಇದ್ದರೆ ರಿಟರ್ನ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಬಾಕಿ ತೆರಿಗೆ e-Pay Tax‌ನಲ್ಲಿ Self Assessment Tax (300) ಅಂತ ಕಟ್ಟಿ, ಚಲನ್ ವಿವರ ತುಂಬಿ, ರಿಟರ್ನ್ ಸಲ್ಲಿಸಿ. 30 ದಿನದ ಒಳಗೆ ಇ-ವೆರಿಫೈ ಮಾಡುವುದು ಮರೆಯಬೇಡಿ.

30% ಪೂರ್ತಿ ಕಟ್ ಆಗಿದೆ, ಆದರೂ ಬಾಕಿ ತೋರಿಸುತ್ತಿದೆ. ಯಾಕೆ?

ಟಿಡಿಎಸ್ ಮುರಿಯುವಾಗ ಬರೀ 30%. ತೆರಿಗೆ ಲೆಕ್ಕ ಹಾಕುವಾಗ ಸೆಸ್ ಸೇರಿ 31.2%. ಆ 1.2% ನೀವು ಕಟ್ಟಬೇಕು. ಆಪ್ ಉದಾಹರಣೆಯಲ್ಲಿ 55,000ಕ್ಕೆ ತೆರಿಗೆ 17,160, ಕಟ್ ಆದದ್ದು 16,500, ಬಾಕಿ 660. ಗೇಮ್ ಶೋದಲ್ಲಿ 25 ಲಕ್ಷ ಗೆದ್ದವರಿಗೆ ಕಟ್ ಆದದ್ದು 7,50,000, ತೆರಿಗೆ 7,80,000, ಬಾಕಿ 30,000.

ಬಾಕಿ 10,000 ಅಥವಾ ಜಾಸ್ತಿ ಇದ್ದರೆ ಅದನ್ನು ಮುಂಗಡ ತೆರಿಗೆಯಾಗಿ ಕಟ್ಟಬೇಕು, ಜುಲೈವರೆಗೆ ಕಾಯುವ ಹಾಗಿಲ್ಲ. ಗೆಲುವು ಯಾವಾಗ ಬರುತ್ತದೆ ಅಂತ ಮುಂಚೆ ಯಾರಿಗೂ ಗೊತ್ತಿರುವುದಿಲ್ಲ ಅನ್ನುವುದನ್ನು ಕಾನೂನೂ ಒಪ್ಪುತ್ತದೆ. ಅದಕ್ಕೇ, ಗೆದ್ದ ಮೇಲೆ ಬರುವ ಕಂತುಗಳಲ್ಲಿ ಕಟ್ಟಿದರೆ ಹಿಂದಿನ ಕಂತುಗಳಿಗೆ ಬಡ್ಡಿ ಇಲ್ಲ. ಮಾರ್ಚ್ 15 ಆದ ಮೇಲೆ ಗೆದ್ದರೆ ಮಾರ್ಚ್ 31ರ ಒಳಗೆ ಕಟ್ಟಿ. ವ್ಯಾಪಾರ ಇಲ್ಲದ 60 ದಾಟಿದ ಹಿರಿಯರಿಗೆ ಮುಂಗಡ ತೆರಿಗೆ ಕಟ್ಟುವ ಕಟ್ಟುಪಾಡಿಲ್ಲ.

ಆದಾಯ ಏನೂ ಇಲ್ಲದವರು ರಿಟರ್ನ್ ಹಾಕಲೇಬೇಕಾ?

ವರ್ಷದಲ್ಲಿ ಕಟ್ ಆದ ಟಿಡಿಎಸ್ 25,000 ಮುಟ್ಟಿದರೆ ಹಾಕಲೇಬೇಕು, ಹಿರಿಯ ನಾಗರಿಕರಿಗೆ ಈ ಮಿತಿ 50,000. ಬೇರೆ ಆದಾಯ ಇಲ್ಲದಿದ್ದರೂ ಸರಿ. ಮೇಲೆ ಹೇಳಿದ 1 ಲಕ್ಷ ಗೆದ್ದ ಗೃಹಿಣಿಗೆ 30,000 ಕಟ್ ಆಗಿದೆ, ಹಾಗಾಗಿ ಅವರು ITR-2 ಹಾಕಬೇಕು, ಹೊಸ ಪದ್ಧತಿಯಲ್ಲಿ ಬಾಕಿ 1,200 ಕಟ್ಟಬೇಕು. ITR-2ಕ್ಕೆ ಕೊನೆ ದಿನಾಂಕ ಜುಲೈ 31, ಸರ್ಕಾರ ವಿಸ್ತರಿಸಿದರೆ ಬೇರೆ.

## ಸ್ವಲ್ಪ ಜಟಿಲವಾದವು

ಕೋಟಿ ಗೆದ್ದರೆ ಕೈಗೆ ನಿಜವಾಗಿ ಎಷ್ಟು ಉಳಿಯುತ್ತದೆ?

ದೊಡ್ಡ ಬಹುಮಾನದಲ್ಲಿ ಏಟು ಕೊಡುವುದು ಸರ್ಚಾರ್ಜ್. ಒಟ್ಟು ಆದಾಯ 50 ಲಕ್ಷ ದಾಟಿದರೆ ತೆರಿಗೆಯ ಮೇಲೆ 10%, 1 ಕೋಟಿ ದಾಟಿದರೆ 15%, 2 ಕೋಟಿ ದಾಟಿದರೆ 25%. ಹಳೆ ಪದ್ಧತಿಯಲ್ಲಿ 5 ಕೋಟಿ ದಾಟಿದರೆ 37%, ಹೊಸದರಲ್ಲಿ 25%ಗೇ ನಿಲ್ಲುತ್ತದೆ. ಇದ್ಯಾವುದೂ ಟಿಡಿಎಸ್‌ನಲ್ಲಿ ಕಟ್ ಆಗಿರುವುದಿಲ್ಲ.

ಕೇರಳ ಲಾಟರಿಯಲ್ಲಿ 1 ಕೋಟಿ ಬಂತು ಅಂತಿಟ್ಟುಕೊಳ್ಳಿ. ಮೊದಲು ಏಜೆಂಟ್ ಕಮಿಷನ್ 10% ಹೋಗುತ್ತದೆ. ಉಳಿದ 90 ಲಕ್ಷದ ಮೇಲೆ 27 ಲಕ್ಷ ಟಿಡಿಎಸ್. ಬ್ಯಾಂಕಿಗೆ 63 ಲಕ್ಷ ಬರುತ್ತದೆ. ಫಾರ್ಮ್ 16ಎಯಲ್ಲಿ 90 ಲಕ್ಷ ಇದ್ದು, ಬೇರೆ ಆದಾಯ ಇಲ್ಲದಿದ್ದರೆ ಲೆಕ್ಕ ಹೀಗೆ: ತೆರಿಗೆ 27,00,000, ಸರ್ಚಾರ್ಜ್ 2,70,000, ಎರಡೂ ಸೇರಿದ್ದರ ಮೇಲೆ 4% ಸೆಸ್ 1,18,800. ಒಟ್ಟು 30,88,800. ಅಂದರೆ ಇನ್ನೂ 3,88,800 ಕಟ್ಟಬೇಕು. ಕೈಗೆ ಉಳಿಯುವುದು 59,11,200.

ಸಾಲ ತೀರಿಸಿ, ಸೈಟ್ ತಗೊಂಡು, 63 ಲಕ್ಷವನ್ನೂ ಖರ್ಚು ಮಾಡಿದ ಮೇಲೆ ಜುಲೈನಲ್ಲಿ ಈ 3.88 ಲಕ್ಷದ ವಿಷಯ ಗೊತ್ತಾಗುವುದು ನಿಜಕ್ಕೂ ಸಂಕಟ. ಅಷ್ಟೇ ಅಲ್ಲ, ಮಾರ್ಚ್ ಒಳಗೆ ಕಟ್ಟದಿದ್ದರೆ ಏಪ್ರಿಲ್‌ನಿಂದ ತಿಂಗಳಿಗೆ 1% ಬಡ್ಡಿ ಓಡುತ್ತದೆ. ಜುಲೈನಲ್ಲಿ ಕಟ್ಟಿದರೆ 15,552 ಜಾಸ್ತಿ, ಅದರ ಮೇಲೆ ಕಂತು ತಪ್ಪಿದ್ದಕ್ಕೆ 234ಸಿ ಬಡ್ಡಿ ಬೇರೆ. ಬಹುಮಾನ ಬಂದ ದಿನವೇ ಈ ಲೆಕ್ಕ ಹಾಕಿ ಅಷ್ಟನ್ನು ಬೇರೆ ಎಫ್‌ಡಿಯಲ್ಲಿ ಇಡಿ.

ನಾಲ್ಕು ಜನ ಸೇರಿ ಟಿಕೆಟ್ ತಗೊಂಡಿದ್ದೆವು. ಬಹುಮಾನ ನನ್ನ ಹೆಸರಿಗೆ ಬಂದಿದೆ. ತೆರಿಗೆ ನಾನೊಬ್ಬನೇ ಕಟ್ಟಬೇಕಾ?

ಟಿಡಿಎಸ್ ನಿಮ್ಮೊಬ್ಬರ ಪ್ಯಾನ್ ಮೇಲೆ ಆಗಿದ್ದರೆ ಇಲಾಖೆಯ ಕಣ್ಣಿಗೆ ಪೂರ್ತಿ ಆದಾಯ ನಿಮ್ಮದೇ. ಆಮೇಲೆ ಗೆಳೆಯರಿಗೆ ಪಾಲು ಕೊಟ್ಟರೂ ನಿಮ್ಮ ತೆರಿಗೆ ಕಡಿಮೆಯಾಗುವುದಿಲ್ಲ. ಬರಹದಲ್ಲಿ ಏನೂ ಇಲ್ಲದಿದ್ದರೆ, ಪಡೆದ ಗೆಳೆಯನಿಗೆ ಅದು 50,000 ಮೀರಿದ ಉಡುಗೊರೆಯಾಗಿ ಕಂಡು ಅವನಿಗೂ ತೆರಿಗೆ ಬೀಳಬಹುದು. ಅಪ್ಪ, ಅಮ್ಮ, ಹೆಂಡತಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿಯರಿಗೆ ಕೊಟ್ಟರೆ ಉಡುಗೊರೆ ತೆರಿಗೆಯ ಚಿಂತೆ ಇಲ್ಲ.

ಇದನ್ನು ಸರಿಮಾಡುವ ಸಮಯ ಬಹುಮಾನ ಕೇಳುವ ಮುಂಚೆ. ಯಾರ ಪಾಲು ಎಷ್ಟು ಅಂತ ಬರೆದು ಎಲ್ಲರೂ ಸಹಿ ಮಾಡಿ, ಎಲ್ಲರ ಪ್ಯಾನ್ ಜೊತೆ ಬಹುಮಾನ ಕೊಡುವವರಿಗೆ ಒಪ್ಪಿಸಿ. ಟಿಡಿಎಸ್ ಪಾಲಿಗೆ ತಕ್ಕಂತೆ ಬೇರೆಯವರ ಪ್ಯಾನ್ ಮೇಲೆ ತೋರಿಸಲು ನಿಯಮ 37ಬಿಎ ಅವಕಾಶ ಕೊಡುತ್ತದೆ, ಆದರೆ ಆ ಘೋಷಣೆ ಅವರ ಕೈಗೆ ಮೊದಲೇ ಹೋಗಿರಬೇಕು.

ಟಿಡಿಎಸ್ ಮುರಿದುಕೊಂಡರು, ಆದರೆ 26AS‌ನಲ್ಲಿ ಇಲ್ಲವೇ ಇಲ್ಲ.

ಮೊದಲು ತಿಂಗಳು ನೋಡಿ. ಕಟ್ ಮಾಡಿದವರು ಮೂರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸುತ್ತಾರೆ. ಜನವರಿಯಿಂದ ಮಾರ್ಚ್‌ವರೆಗಿನದ್ದು ಜೂನ್‌ವರೆಗೂ ಕಾಣಿಸದೆ ಇರಬಹುದು. ಹಾಗಾಗಿ ಗೆಲುವು ಇರುವವರು ಏಪ್ರಿಲ್‌ನಲ್ಲೇ ಅವಸರದಿಂದ ರಿಟರ್ನ್ ಹಾಕಬೇಡಿ. ಜೂನ್ ಮಧ್ಯದ ನಂತರವೂ ಇಲ್ಲದಿದ್ದರೆ ಪ್ಯಾನ್ ತಪ್ಪಾಗಿ ಹೋಗಿರುವ ಸಾಧ್ಯತೆಯೇ ಹೆಚ್ಚು. ಅವರಿಗೆ ಇಮೇಲ್‌ನಲ್ಲಿ ಬರೆದು ಟಿಡಿಎಸ್ ಸ್ಟೇಟ್‌ಮೆಂಟ್ ತಿದ್ದಲು ಕೇಳಿ. ಪೋರ್ಟಲ್‌ನಲ್ಲಿ ನಿಮ್ಮಿಂದ ಅದನ್ನು ತಿದ್ದಲು ಬರುವುದಿಲ್ಲ.

ಮುರಿದುಕೊಂಡು ಸರ್ಕಾರಕ್ಕೆ ಕಟ್ಟದೇ ಹೋದರೆ, ಅದೇ ತೆರಿಗೆಯನ್ನು ಮತ್ತೆ ನಿಮ್ಮಿಂದ ಕೇಳುವಂತಿಲ್ಲ ಅಂತ ಸೆಕ್ಷನ್ 205 ಹೇಳುತ್ತದೆ. ಅದಕ್ಕೆ ಪುರಾವೆ ಬೇಕು: ಟಿಡಿಎಸ್ ಎಷ್ಟು ಅಂತ ಕಾಣುವ ಆಪ್‌ನ ವಿತ್‌ಡ್ರಾವಲ್ ರಸೀದಿ, ಉಳಿದ ದುಡ್ಡು ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್.

ಹಿಂದಿನ ವರ್ಷಗಳಲ್ಲಿ ತೋರಿಸಿಯೇ ಇಲ್ಲ. ಈಗ ಏನು ಮಾಡಲಿ?

ITR-U ಅಂತ ಇದೆ, ಅಪ್‌ಡೇಟೆಡ್ ರಿಟರ್ನ್. ಆ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ ನಾಲ್ಕು ವರ್ಷದವರೆಗೆ ಹಾಕಬಹುದು. ಬಾಕಿ ತೆರಿಗೆ, ಬಡ್ಡಿ ಎರಡೂ ಸೇರಿದ್ದರ ಮೇಲೆ ಮೊದಲ ವರ್ಷ 25%, ಎರಡನೇ ವರ್ಷ 50%, ಆಮೇಲೆ 60%, 70% ಹೆಚ್ಚುವರಿ ಕಟ್ಟಬೇಕು.

ಕೇಳಲು ದೊಡ್ಡದಾಗಿ ಕಂಡರೂ, ಟಿಡಿಎಸ್ ಕಟ್ ಆಗಿದ್ದವರಿಗೆ ಹೊರೆ ಸಣ್ಣದು. 40,000 ಗೆದ್ದು 12,000 ಕಟ್ ಆಗಿತ್ತು, ರಿಟರ್ನ್ ಹಾಕಿದಾಗ ಈ ಗೆಲುವನ್ನೂ ತೋರಿಸಿರಲಿಲ್ಲ, ಆ ಟಿಡಿಎಸ್ಸನ್ನೂ ಕೇಳಿರಲಿಲ್ಲ ಅಂದುಕೊಳ್ಳಿ. ಬಾಕಿ ಇರುವುದು ಸೆಸ್‌ನ 480 ರೂಪಾಯಿ. ಹೆಚ್ಚುವರಿ ಬೀಳುವುದು ಆ 480 ಮತ್ತು ಅದರ ಬಡ್ಡಿಯ ಮೇಲೆ ಮಾತ್ರ. ಆಗ ಟಿಡಿಎಸ್ ಕೇಳಿ ರೀಫಂಡ್ ಪಡೆದಿದ್ದರೆ ಮಾತ್ರ ಮೊತ್ತ ಏರುತ್ತದೆ. ಯಾಕೆಂದರೆ ವಾಪಸ್ ತಗೊಂಡ ದುಡ್ಡೂ ಬಾಕಿಯಾಗಿ ಸೇರುತ್ತದೆ.

ಆ ವರ್ಷ ITR-1 ಹಾಕಿದ್ದರೂ ಈಗ ITR-2 ಆರಿಸಿಕೊಳ್ಳಬೇಕು. ರೀಫಂಡ್ ಕೇಳಲು ITR-U ಬಳಸಲಾಗುವುದಿಲ್ಲ. ಇಲಾಖೆ ಆ ವರ್ಷಕ್ಕೆ ತನಿಖೆ ಅಥವಾ ಮರುಅಸೆಸ್‌ಮೆಂಟ್ ಶುರುಮಾಡಿದ ಮೇಲೆ ಈ ದಾರಿ ಕಿರಿದಾಗುತ್ತದೆ. ಹಾಗಾಗಿ AISನಲ್ಲಿ ಹಳೆ ವರ್ಷಗಳನ್ನೂ ಒಮ್ಮೆ ತೆರೆದು, 194B ಮತ್ತು 194BA ಸಾಲುಗಳಿವೆಯಾ ಅಂತ ಈಗಲೇ ನೋಡಿಕೊಳ್ಳಿ.